ಕರುಳು ಚುರುಕ್ ಎಂದಾಗ ನಾವು ಯಾರನ್ನು ಮರೆಯುತ್ತೇವೆ?



ಈ ತಿಂಗಳ ಪಾಠವನ್ನು ಸಂಘದ ಸಭೆಯಲ್ಲಿ ಒಬ್ಬರು ಓದಿ, ಉಳಿದವರು ಕೇಳಿ, ನಡುನಡುವೆ ನಿಲ್ಲಿಸಿ ಮಾತಾಡಿಕೊಳ್ಳಿ. ಒಂದೇ ಸಭೆಯಲ್ಲಿ ಮುಗಿಸಬೇಕೆಂದೇನೂ ಇಲ್ಲ. ಕಷ್ಟದಲ್ಲಿರುವವರನ್ನು ಕಂಡು ಮರುಗಬೇಕು ಎಂದು ನಾವು ಹಿಂದೆ ಎಷ್ಟೋ ಸಲ ಹೇಳಿದ್ದೇವೆ. ಇವತ್ತು ಅದೇ ಮರುಕ ನಮ್ಮನ್ನು ಹೇಗೆ ದಾರಿ ತಪ್ಪಿಸಬಹುದು ಎಂಬುದನ್ನು ನೋಡೋಣ. ಇದು ಹೊಳೆದದ್ದು ಒಂದು ಸಂಘದ ಸಭೆಯಲ್ಲಿ. ಅಲ್ಲಿ ತಪ್ಪು ಮಾಡಿದವರಲ್ಲಿ ನಾವೂ ಇದ್ದೆವು, ಅದಕ್ಕೇ ಬರೆಯುತ್ತಿದ್ದೇವೆ. ಊರಿನ ಹೆಸರಾಗಲಿ ಸದಸ್ಯೆಯರ ಹೆಸರಾಗಲಿ ಬೇಡ.

ಆ ದಿನದ ಸಭೆ

ಹದಿನೈದು ಜನರ ಸಂಘ. ಆ ದಿನ ಕೈಯಲ್ಲಿದ್ದ ಹಣ 28,000 ರೂಪಾಯಿ. ಸಾಲಕ್ಕೆ ಎರಡು ಅರ್ಜಿಗಳು ಮೊದಲೇ ಬಂದಿದ್ದವು. ಒಬ್ಬಾಕೆ ಮಗಳ ನರ್ಸಿಂಗ್ ಕಾಲೇಜಿನ ಎರಡನೇ ಕಂತಿಗೆ 12,000 ಕೇಳಿ ಎರಡು ತಿಂಗಳಾಗಿತ್ತು. ಕಂತು ಕಟ್ಟಲು ಕೊನೆಯ ದಿನಕ್ಕೆ ಇನ್ನು ಒಂದು ವಾರವಿತ್ತು. ಇನ್ನೊಬ್ಬಾಕೆ ರಾಗಿ ಬಿತ್ತನೆಗೆ, ಬೀಜ ಗೊಬ್ಬರ ಮತ್ತು ಉಳುಮೆ ಸೇರಿ 6,500 ಕೇಳಿದ್ದರು. ಮಳೆ ಆಗಲೇ ಬಂದಿತ್ತು.

ಲೆಕ್ಕ ಬರೆಯುವ ಹೊತ್ತಿಗೆ ಮೂರನೆಯವರು ಒಳಗೆ ಬಂದರು. ಗಂಡ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ. ಆಕೆ ಆಸ್ಪತ್ರೆಯಿಂದಲೇ ನೇರ ಬಂದಿದ್ದರು. ಸೀರೆಯ ಮೇಲೆ ರಕ್ತದ ಕಲೆ ಇನ್ನೂ ಇತ್ತು, ಚಿಕ್ಕ ಮಗು ಸೊಂಟದಲ್ಲಿತ್ತು. ಮಾತು ಹೊರಡಲಿಲ್ಲ, ಕೂತು ಅತ್ತರು. ಎಲ್ಲರೂ ಅತ್ತರು. ನಮ್ಮ ಪ್ರೇರಕಿ ಕೂಡ ಕಣ್ಣೊರೆಸಿಕೊಂಡರು. "ಪಾಪ, ಮೊದ್ಲು ಅವ್ಳಿಗೆ ಕೊಟ್ಬಿಡಿ ಅಕ್ಕ, ಮಿಕ್ಕಿದ್ದು ಆಮೇಲೆ ನೋಡೋಣ" ಎಂದು ಯಾರೋ ಹೇಳಿದ್ದೇ ತಡ, 25,000 ಮಂಜೂರಾಯಿತು. ನಿರ್ಣಯ ಬರೆದು ಸಹಿ ಹಾಕಿಸಲು ಹತ್ತು ನಿಮಿಷವೂ ಆಗಲಿಲ್ಲ.

ಯಾರಿಗೂ ತಪ್ಪು ಮಾಡಿದಂತೆ ಅನ್ನಿಸಲಿಲ್ಲ. ಬಹಳ ಒಳ್ಳೆಯ ಕೆಲಸ ಮಾಡಿದೆವು ಎಂದೇ ಮನೆಗೆ ಹೋದೆವು.

ಮುಂದೆ ಆದದ್ದನ್ನು ಕೇಳಿ. ನರ್ಸಿಂಗ್ ಕಂತಿನ ತಾಯಿ ಮಾರನೆಯ ವಾರ ಬಡ್ಡಿಗೆ ಕೊಡುವವರ ಹತ್ತಿರ 12,000 ತಂದರು. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ, ಅಂದರೆ ತಿಂಗಳಿಗೆ 600. ಹತ್ತು ತಿಂಗಳು ಬರೀ ಬಡ್ಡಿ ಕಟ್ಟಿ 6,000 ಹೋಯಿತು, ಅಸಲು ಹಾಗೇ ನಿಂತಿತ್ತು. ಸಂಘದಲ್ಲಿ ನೂರಕ್ಕೆ ಎರಡರಂತೆ ಪಡೆದು ಹನ್ನೆರಡು ಕಂತಿನಲ್ಲಿ ತೀರಿಸಿದ್ದರೆ, ಅಸಲು ಕಡಿಮೆಯಾದಂತೆ ಬಡ್ಡಿಯೂ ಇಳಿದು ಒಟ್ಟು ಬಡ್ಡಿ 1,560 ರೂಪಾಯಿ ಆಗುತ್ತಿತ್ತು. ರಾಗಿಯ ಅಕ್ಕ ಕೈಲಿದ್ದ ಅಷ್ಟಿಷ್ಟು ದುಡ್ಡಿಗೆ ಒಂದು ಎಕರೆಯಲ್ಲಿ ಅರ್ಧ ಮಾತ್ರ ಬಿತ್ತಿದರು. ಇನ್ನರ್ಧ ಬೀಳು ಬಿತ್ತು.

ಸಾಲ ಪಡೆದವರಿಗಾದರೂ ಒಳ್ಳೆಯದಾಯಿತೇ? ಅದೂ ಇಲ್ಲ. ಆ ಮನೆಯಲ್ಲಿ ಬಿ.ಪಿ.ಎಲ್. ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಗಂಡನನ್ನು ಸೇರಿಸಿದ್ದ ಖಾಸಗಿ ಆಸ್ಪತ್ರೆ ಆ ಯೋಜನೆಯಲ್ಲಿ ನೋಂದಾಯಿಸಿರಲಿಲ್ಲ. ಆಪರೇಷನ್ ಆಗಿದ್ದು ಎರಡು ದಿನದ ನಂತರ. ಅಷ್ಟರೊಳಗೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬಹುದಿತ್ತು. ಆಮೇಲೆ ನಾವು ಕೂತು ಲೆಕ್ಕ ಹಾಕಿದಾಗ, ಹಾಗೆ ಮಾಡಿದ್ದರೆ ಓಡಾಟಕ್ಕೆ, ಊಟಕ್ಕೆ, ಹೊರಗಿನ ಔಷಧಿಗೆ, ಕೂಲಿಯಿಲ್ಲದ ಮೊದಲ ಒಂದು ತಿಂಗಳಿಗೆ ಸೇರಿ 9,000 ಸಾಕಾಗುತ್ತಿತ್ತು. 9,000 ಮತ್ತು 12,000 ಮತ್ತು 6,500. ಕೂಡಿಸಿ ನೋಡಿ, 27,500. ಕೈಯಲ್ಲಿದ್ದದ್ದು 28,000.

ಈಗ ಆಕೆಯ ತಲೆಯ ಮೇಲೆ 25,000 ಸಾಲ. ಇಪ್ಪತ್ತು ಕಂತು ಎಂದರೆ ಅಸಲು 1,250, ಮೊದಲ ತಿಂಗಳ ಬಡ್ಡಿ 500, ಒಟ್ಟು 1,750. ದುಡಿಯುವ ಗಂಡ ಮಲಗಿದ್ದಾನೆ. ಮೂರನೆಯ ತಿಂಗಳು ಕಂತು ತಪ್ಪಿತು. ನಾಲ್ಕನೆಯ ತಿಂಗಳು ಆಕೆ ಸಭೆಗೇ ಬರಲಿಲ್ಲ, ದಾರಿಯಲ್ಲಿ ಸಿಕ್ಕರೆ ಬೇರೆ ಕಡೆ ತಿರುಗಿ ಹೋಗುತ್ತಿದ್ದರು. ಆ ದಿನ ಯಾಕೆ ಯಾರೂ ಕಾರ್ಡ್ ವಿಷಯ ಕೇಳಲಿಲ್ಲ ಎಂದು ನಾವು ವಿಚಾರಿಸಿದೆವು. ಪ್ರತಿನಿಧಿ ಕೊಟ್ಟ ಉತ್ತರ ಮನಸ್ಸಿನಲ್ಲಿ ಉಳಿದಿದೆ: "ಅಳೋರ ಹತ್ರ ಲೆಕ್ಕ ಕೇಳೋಕೆ ಬಾಯಿ ಬರ್ಲಿಲ್ಲ ಮೇಡಂ."

ಮರುಕ ನಮ್ಮ ಬಾಯಿ ಕಟ್ಟಿಹಾಕುತ್ತದೆ. ಆಕೆಯ ನೋವು ನಮ್ಮದೇ ನೋವಾದಾಗ ಆ ನೋವು ಬೇಗ ನಿಲ್ಲಲಿ ಎನಿಸುತ್ತದೆ. ಹಣ ಕೊಟ್ಟ ಕೂಡಲೇ ನಮಗೆ ಹಗುರವಾಗುತ್ತದೆ. ಹಗುರವಾದದ್ದು ನಮಗೆ, ಆಕೆಗೆ ಆಯಿತೋ ಇಲ್ಲವೋ ಬೇರೆ ಮಾತು.

ಸಾಲಿನಲ್ಲಿ ನಿಂತ ಮಕ್ಕಳು

ಇದು ನಮ್ಮ ಒಂದು ಸಂಘದ ಎಡವಟ್ಟು ಎಂದುಕೊಳ್ಳಬೇಡಿ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿ 1995ರಲ್ಲಿ ಪ್ರಕಟಿಸಿದರು. ಮರುಕ ಹುಟ್ಟಿದರೆ ಮನುಷ್ಯ ಇನ್ನೊಬ್ಬರಿಗೆ ನಿಜವಾಗಿ ನೆರವಾಗುತ್ತಾನೆ ಎಂದು ತೋರಿಸಿಕೊಡಲು ವರ್ಷಗಟ್ಟಲೆ ದುಡಿದವರೇ ಇವರು. ಆದ್ದರಿಂದ ಮರುಕದ ವಿರೋಧಿ ಎಂದು ಅವರನ್ನು ಯಾರೂ ದೂರುವಂತಿಲ್ಲ.

ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ವರ್ಷದ ಒಬ್ಬ ಹುಡುಗಿಯ ಸಂದರ್ಶನ ಕೇಳಿಸಿದರು. ಅವಳಿಗೆ ವಾಸಿಯಾಗದ ಕಾಯಿಲೆ. ಒಂದು ಸಂಸ್ಥೆ ಅಂಥ ಮಕ್ಕಳ ಉಳಿದ ದಿನಗಳು ಸ್ವಲ್ಪ ಸುಖವಾಗಿ ಕಳೆಯುವಂತೆ ದುಬಾರಿ ಔಷಧಿ ಕೊಡಿಸುತ್ತದೆ, ಆದರೆ ಕಾಯುವವರ ಪಟ್ಟಿ ಉದ್ದವಿದೆ ಎಂದು ತಿಳಿಸಿದರು. ಹುಡುಗಿಯೂ ಸಂಸ್ಥೆಯೂ ನಿಜವಲ್ಲ, ಪರೀಕ್ಷೆಗೆಂದೇ ಕಟ್ಟಿದ ಕಥೆ. ಕೇಳಿದವರಿಗೆ ಅದು ಗೊತ್ತಿರಲಿಲ್ಲ. ಅರ್ಧ ಜನಕ್ಕೆ, ಮನಸ್ಸನ್ನು ದೂರ ಇಟ್ಟುಕೊಂಡು ವಿಷಯವನ್ನಷ್ಟೇ ಕೇಳಿ ಎಂದರು. ಇನ್ನರ್ಧ ಜನಕ್ಕೆ, ಆ ಹುಡುಗಿಗೆ ಹೇಗನಿಸುತ್ತಿರಬಹುದು ಎಂದು ಊಹಿಸಿಕೊಳ್ಳುತ್ತಾ ಕೇಳಿ ಎಂದರು.

ಆಮೇಲೆ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದರು. ನೀವು ಬಯಸಿದರೆ ಇವಳ ಹೆಸರನ್ನು ಪಟ್ಟಿಯಲ್ಲಿ ಮುಂದಕ್ಕೆ ಹಾಕಬಹುದು. ಆದರೆ ಇವಳಿಗಿಂತ ಹೆಚ್ಚು ಕಷ್ಟದಲ್ಲಿರುವ, ಇವಳಿಗಿಂತ ಹೆಚ್ಚು ಕಾಲದಿಂದ ಕಾಯುತ್ತಿರುವ ಮಕ್ಕಳು ಹಿಂದೆ ಬೀಳುತ್ತಾರೆ. ಏನು ಮಾಡುತ್ತೀರಿ? ಮನಸ್ಸನ್ನು ದೂರ ಇಟ್ಟು ಕೇಳಿದವರಲ್ಲಿ ಮೂರರಲ್ಲಿ ಒಂದು ಪಾಲು ಜನ ಮಾತ್ರ ಅವಳನ್ನು ಮುಂದೆ ಹಾಕಿದರು. ಊಹಿಸಿಕೊಂಡು ಕೇಳಿದವರಲ್ಲಿ ನಾಲ್ಕರಲ್ಲಿ ಸುಮಾರು ಮೂರು ಪಾಲು ಜನ ಮುಂದೆ ಹಾಕಿದರು.

ಹಿಂದೆ ಬೀಳುವ ಮಕ್ಕಳ ವಿಷಯವನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಬಾಯಿಬಿಟ್ಟು ಹೇಳಿದ್ದರು. ಆದರೂ ಆ ಮಕ್ಕಳ ದನಿ ಯಾರೂ ಕೇಳಿರಲಿಲ್ಲ. ನಮ್ಮ ಸಭೆಯಲ್ಲೂ ಹಾಗೇ ಆಯಿತಲ್ಲವೇ? ಎರಡು ಅರ್ಜಿಗಳು ಪುಸ್ತಕದಲ್ಲಿ ಬರೆದೇ ಇದ್ದವು. ಕಂತಿನ ತಾಯಿ ಅಲ್ಲೇ ಬಾಗಿಲ ಪಕ್ಕ ಕೂತಿದ್ದರು. ಅವರೂ ಅತ್ತರು, ಪಾಪ. "ನಂದೂ ಒಂದು ಅರ್ಜಿ ಇದೆ" ಎನ್ನುವ ಧೈರ್ಯ ಆ ಗಳಿಗೆಯಲ್ಲಿ ಯಾರಿಗೆ ಬರುತ್ತದೆ?

ಯಾರಿಗೆ ನಮ್ಮ ಕಣ್ಣೀರು ಸುಲಭವಾಗಿ ಬರುತ್ತದೆ

ಇಲ್ಲಿ ಇನ್ನೊಂದು ಮಾತಿದೆ, ಹೇಳಲು ಸ್ವಲ್ಪ ಕಷ್ಟ. ಬಾಗಿಲ ಪಕ್ಕ ಕೂರುವ ಆ ತಾಯಿ ಕೆಲಸ ಹುಡುಕಿಕೊಂಡು ಬೇರೆ ಜಿಲ್ಲೆಯಿಂದ ಬಂದ ಮನೆಯವರು. ಅವರ ಕನ್ನಡ ಸ್ವಲ್ಪ ಬೇರೆ. ನಾಮಕರಣ, ಸೀಮಂತಕ್ಕೆ ಅವರನ್ನು ಕರೆಯುವವರು ಕಡಿಮೆ. ಕಾಲು ಮುರಿದವನ ಹೆಂಡತಿ ಊರಿನ ಮಗಳು, ಪ್ರತಿನಿಧಿಯ ಪಕ್ಕದ ಮನೆ. ಆ ಮಗು ಎಲ್ಲರ ತೊಡೆಯ ಮೇಲೂ ಆಡಿದ್ದು. ಒಂದು ಕ್ಷಣ ಇಬ್ಬರನ್ನೂ ಅದಲುಬದಲು ಮಾಡಿ ನೋಡಿ. ಬೇರೆ ಊರಿನವರ ಗಂಡ ಬಿದ್ದಿದ್ದರೆ, ಊರಿನ ಮಗಳು ಕಂತಿಗೆ ಎರಡು ತಿಂಗಳಿಂದ ಕಾಯುತ್ತಿದ್ದರೆ, ಹತ್ತು ನಿಮಿಷದಲ್ಲಿ ಆ ನಿರ್ಣಯ ಆಗುತ್ತಿತ್ತೇ? ಸಂಘದವರನ್ನೇ ಈ ಪ್ರಶ್ನೆ ಕೇಳಿದೆವು. ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ.

ಯಾರೂ ಬೇಕೆಂದು ಭೇದ ಮಾಡಲಿಲ್ಲ. ಮುಖ ಪರಿಚಯವಿದ್ದವರ, ನಮ್ಮಂತೆ ಮಾತಾಡುವವರ, ನಮಗೂ ಹೀಗಾಗಬಹುದು ಎನಿಸುವವರ ನೋವು ನಮ್ಮೊಳಗೆ ತಾನೇ ನುಗ್ಗುತ್ತದೆ. ಗಂಡನಿಗೆ ಅಪಘಾತವಾದರೆ ಎಂಬ ಭಯ ಎಲ್ಲ ಹೆಂಗಸರಿಗೂ ಇದೆ. ನರ್ಸಿಂಗ್ ಓದುವ ಮಗಳು ಆ ಸಂಘದಲ್ಲಿ ಒಬ್ಬರಿಗೇ ಇದ್ದದ್ದು. ಅಳಲು ಬಾರದ ಹೆಂಗಸರೂ ಇದ್ದಾರೆ. ಕಷ್ಟ ಹೇಳಿಕೊಳ್ಳುವುದೇ ಅವಮಾನ ಎಂದು ಬೆಳೆದವರು, ನಾಲ್ಕು ಜನರ ಮುಂದೆ ಬಾಯಿ ಒಣಗುವವರು. ಅವರ ಅರ್ಜಿ ಯಾವಾಗಲೂ ಮುಂದಿನ ವಾರಕ್ಕೆ ಹೋಗುತ್ತದೆ. ಇನ್ನು ಸಂಘದ ನಿಧಿಗೆ ಆಗುವ ನಷ್ಟಕ್ಕಂತೂ ಮುಖವೇ ಇಲ್ಲ. ಕಂತು ತಪ್ಪಿದರೆ ಹದಿನೈದು ಜನರಿಗೂ ಸ್ವಲ್ಪ ಸ್ವಲ್ಪ ಪೆಟ್ಟು ಬೀಳುತ್ತದೆ, ಮುಂದೆ ಕೇಳುವವರಿಗೆ ಹಣ ಇರುವುದಿಲ್ಲ. ಆ "ಮುಂದೆ ಕೇಳುವವರು" ಯಾರು ಎಂದು ಇವತ್ತು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದವರಿಗಾಗಿ ಅಳುವುದು ಹೇಗೆ?

ಹಾಗಾದರೆ ಮರುಕ ಬೇಡವೇ?

ಇಷ್ಟು ಓದಿದ ಮೇಲೆ, ಸರಿ, ಇನ್ನು ಮೇಲೆ ಅಳುವವರನ್ನು ನಂಬಬಾರದು ಎಂದು ಯಾರಾದರೂ ತೀರ್ಮಾನಿಸಿದರೆ ಅದು ಇನ್ನೂ ದೊಡ್ಡ ತಪ್ಪು. ಇದಕ್ಕೂ ಒಂದು ಪರೀಕ್ಷೆ ನಡೆದಿದೆ.

ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೀನ್, ಪಾಲ್ ಸ್ಲೋವಿಕ್ ಎಂಬ ಮೂವರು ಅಮೆರಿಕದಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ್ದು ಅದು. ಒಂದು ಸಣ್ಣ ಕೆಲಸ ಮಾಡಿಕೊಟ್ಟವರಿಗೆ ಒಂದೊಂದು ಡಾಲರಿನ ಐದು ನೋಟು ಕೊಟ್ಟು, ಜೊತೆಗೆ ದೇಣಿಗೆ ಕೇಳುವ ಪತ್ರವನ್ನೂ ಕೊಟ್ಟರು. ಕೆಲವರ ಪತ್ರದಲ್ಲಿ ಬರೀ ಅಂಕಿ: ಆಫ್ರಿಕಾದ ಮಲಾವಿಯಲ್ಲಿ ಆಹಾರವಿಲ್ಲದ ಮಕ್ಕಳು 30 ಲಕ್ಷಕ್ಕೂ ಹೆಚ್ಚು, ಇಥಿಯೋಪಿಯಾದಲ್ಲಿ ಕೂಡಲೇ ಆಹಾರ ಬೇಕಾದವರು ಒಂದು ಕೋಟಿಗೂ ಹೆಚ್ಚು, ಹೀಗೆ. ಇನ್ನು ಕೆಲವರ ಪತ್ರದಲ್ಲಿ ಮಾಲಿ ದೇಶದ ಏಳು ವರ್ಷದ ರೋಕಿಯಾ ಎಂಬ ಹುಡುಗಿಯ ಕಥೆ ಮತ್ತು ಚಿತ್ರ. ಅಂಕಿ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು, ರೋಕಿಯಾಳ ಕಥೆ ಓದಿದವರು 2.38 ಡಾಲರ್. ಎರಡನ್ನೂ ಒಟ್ಟಿಗೆ ಓದಿದವರು ಎಲ್ಲಕ್ಕಿಂತ ಹೆಚ್ಚು ಕೊಡಬೇಕಿತ್ತು ತಾನೇ? ಅವರು ಕೊಟ್ಟದ್ದು 1.43. ರೋಕಿಯಾಳ ಪಕ್ಕಕ್ಕೆ ಲಕ್ಷಾಂತರ ಜನ ಬಂದು ನಿಂತ ಕೂಡಲೇ ಅವಳಿಗಾಗಿ ಹುಟ್ಟಿದ್ದ ಮರುಕವೇ ಅರ್ಧ ಆರಿಹೋಯಿತು.

ಮುಖ್ಯವಾದದ್ದು ಇನ್ನೂ ಇದೆ. ಬೇರೆ ಕೆಲವರಿಗೆ ಮೊದಲೇ ಈ ಪಾಠ ಹೇಳಿದರು: ಒಂದು ಮುಖ ಕಂಡರೆ ಜನ ಹೆಚ್ಚು ಕೊಡುತ್ತಾರೆ, ಅಂಕಿ ಕಂಡರೆ ಕಡಿಮೆ ಕೊಡುತ್ತಾರೆ ಅಂತ. ಇದನ್ನು ತಿಳಿದವರು ಅಂಕಿಗೆ ಹೆಚ್ಚು ಕೊಡಬಹುದು ಎಂದು ನೀವು ಎಣಿಸಬಹುದು. ಹಾಗಾಗಲಿಲ್ಲ. ಅಂಕಿಗೆ ಮೊದಲಿನಷ್ಟೇ ಕೊಟ್ಟರು. ರೋಕಿಯಾಳಿಗೆ ಕೊಡುವುದನ್ನು ಅರ್ಧಕ್ಕಿಂತ ಕಡಿಮೆ ಮಾಡಿದರು. ಮೊತ್ತದಲ್ಲಿ ಜಿಪುಣತನವೇ ಗೆದ್ದಿತು. ಈ ಪಾಠ ಬರೆಯುವಾಗ ನಮಗೂ ಆ ಅಂಜಿಕೆ ಇದೆ. ಕಣ್ಣೀರನ್ನು ಅನುಮಾನಿಸಲು ಕಲಿಸಿ, ಬಾಗಿಲ ಪಕ್ಕದವರನ್ನು ನೋಡಲು ಕಲಿಸದೇ ಹೋದರೆ ಇದನ್ನು ಓದಿಸಿದ್ದೇ ದಂಡ.

ಮರುಕ ಒಂದು ಕೆಲಸವನ್ನು ಚೆನ್ನಾಗಿ ಮಾಡುತ್ತದೆ: ಇಲ್ಲಿ ನೋವಿದೆ, ಏಳು ಎಂದು ಎಬ್ಬಿಸುತ್ತದೆ. ಎಷ್ಟು ಕೊಡಬೇಕು, ಯಾರಿಗೆ ಮೊದಲು, ಕೊಟ್ಟದ್ದು ಉಪಯೋಗಕ್ಕೆ ಬರುತ್ತದೋ ಇಲ್ಲವೋ ಎಂಬುದು ಅದಕ್ಕೆ ತಿಳಿಯದು. ಮಗುವಿಗೆ ಜ್ವರ ಬಂದಾಗ ಸೂಜಿ ಚುಚ್ಚಿಸುವ ತಾಯಿಗೆ ಮಗುವಿನ ಅಳು ಕೇಳಿಸುವುದಿಲ್ಲವೇ? ಕೇಳಿಸುತ್ತದೆ. ಆದರೂ ಕೈ ಹಿಡಿದು ಕೂರುತ್ತಾಳೆ. ಮಗುವಿನ ಹಿತ ಬಯಸುವುದು ಬೇರೆ, ಮಗುವಿನ ಜೊತೆ ತಾನೂ ಹೆದರಿ ಎದ್ದು ಓಡುವುದು ಬೇರೆ.

ಆ ಸಂಘ ಮಾಡಿಕೊಂಡ ಏರ್ಪಾಡು

ಮೂರು ಸಭೆ ಜಗಳ ಆಡಿದ ನಂತರ ಆ ಸಂಘದವರು ಒಂದು ಪದ್ಧತಿ ಮಾಡಿಕೊಂಡರು. ನಿಯಮ ಬರೆದದ್ದು ಯಾವ ಅರ್ಜಿಯೂ ಇಲ್ಲದ ವಾರದಲ್ಲಿ. ಅದು ಬಹಳ ಮುಖ್ಯ. ಎದುರಿಗೆ ಯಾರ ಮುಖವೂ ಇಲ್ಲದಾಗ, ಆ ಜಾಗದಲ್ಲಿ ನಾಳೆ ನಾನೂ ಇರಬಹುದು ಎಂದು ಎಲ್ಲರಿಗೂ ಅನಿಸುತ್ತದೆ.

ಮೊದಲನೆಯದಾಗಿ ತುರ್ತು ಹಣವನ್ನು ಬೇರೆ ಮಾಡಿದರು. ವಾರದ ಉಳಿತಾಯದ ಮೇಲೆ ತಲಾ ಹತ್ತು ರೂಪಾಯಿ, ಹದಿನೈದು ಜನರಿಂದ 150, ವರ್ಷಕ್ಕೆ 7,800. ಆಸ್ಪತ್ರೆ, ಸಾವು, ಮನೆ ಬಿದ್ದದ್ದು ಇಂಥದ್ದಕ್ಕೆ 5,000ದವರೆಗೆ ಅದೇ ದಿನ, ಯಾವ ಸರದಿಯೂ ಇಲ್ಲದೆ. ಅಳುತ್ತಾ ಬಂದವರನ್ನು ಬರಿಗೈಲಿ ಕಳಿಸುವಂತಿಲ್ಲ. ಅದಕ್ಕಿಂತ ಹೆಚ್ಚು ಬೇಕಾದರೆ ಸಾಲದ ಸರದಿಗೆ ಬರಬೇಕು. ಸರದಿಯ ಪಟ್ಟಿಯನ್ನು ತಾರೀಖಿನ ಸಮೇತ ಗೋಡೆಗೆ ಅಂಟಿಸಿದರು.

ಎರಡನೆಯದು, ಎಲ್ಲರಿಗೂ ಒಂದೇ ಪ್ರಶ್ನೆಗಳು, ಕಥೆ ಹೇಳುವ ಮೊದಲೇ. ಒಟ್ಟು ಎಷ್ಟು ಬೇಕು? ಬೇರೆ ಎಲ್ಲಿಂದ ಸಿಗುತ್ತದೆ, ಯಾವ ಕಾರ್ಡ್ ಇದೆ? ಯಾವ ದಿನದೊಳಗೆ ಬೇಕು, ಒಂದು ವಾರ ತಡವಾದರೆ ಏನಾಗುತ್ತದೆ? ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ? ಪ್ರತಿನಿಧಿಯ ಸ್ವಂತ ತಂಗಿಯನ್ನೂ ಇದನ್ನೇ ಕೇಳಬೇಕು. ಎಲ್ಲರನ್ನೂ ಕೇಳುವುದರಿಂದ ಯಾರಿಗೂ ಅವಮಾನವಿಲ್ಲ, ಬಾಯಿ ಬಾರದವರು ಕೂಡ ನಾಲ್ಕು ಉತ್ತರ ಕೊಟ್ಟೇ ಕೊಡುತ್ತಾರೆ.

ನಮಗೆ ಬಹಳ ಹಿಡಿಸಿದ್ದು ಮೂರನೆಯದು. ಮಂಜೂರು ಮಾಡುವ ಮೊದಲು ಕಾರ್ಯದರ್ಶಿ ಎದ್ದು ನಿಂತು, ಇವರಿಗೆ ಕೊಟ್ಟರೆ ಕಾಯಬೇಕಾದವರು ಇಂಥವರು, ಇಷ್ಟು ವಾರದಿಂದ ಕಾಯುತ್ತಿದ್ದಾರೆ ಎಂದು ಹೆಸರು ಓದುತ್ತಾರೆ. ಅವರು ಮಾತಾಡಲೇಬೇಕು, "ನಂಗೇನಿಲ್ಲ ಬಿಡಿ" ಎಂದರೆ ಸಾಲದು. ಮೊದಮೊದಲು ಕಸಿವಿಸಿಯಾಗುತ್ತಿತ್ತಂತೆ. ನರ್ಸಿಂಗ್ ಕಂತಿನ ತಾಯಿ ಮೊದಲ ಸಲ ಸಭೆಯಲ್ಲಿ ಐದು ನಿಮಿಷ ಮಾತಾಡಿದ್ದು ಹೀಗೆ. ಬಡ್ಡಿಯವನು ಮನೆ ಮುಂದೆ ಬಂದು ನಿಲ್ಲುವುದನ್ನು ಅವರು ಹೇಳಿದಾಗ ಅಲ್ಲೂ ಕೆಲವರು ಕಣ್ಣೊರೆಸಿಕೊಂಡರು. ಹತ್ತು ತಿಂಗಳು ಆಕೆ ಪ್ರತಿ ವಾರ ಅದೇ ಕೋಣೆಯಲ್ಲೇ ಕೂತಿದ್ದರು.

ಮುಂದಿನ ಮಳೆಗಾಲದಲ್ಲಿ ಒಬ್ಬರ ಮನೆಯ ಗೋಡೆ ಬಿತ್ತು. ಸಂಜೆಯೊಳಗೆ 5,000 ಕೊಟ್ಟರು. ಇನ್ನೂ 15,000 ಕೇಳಿದಾಗ ಪ್ರಶ್ನೆ ಕೇಳಿದರು. ಗ್ರಾಮ ಪಂಚಾಯಿತಿಗೂ ಗ್ರಾಮ ಲೆಕ್ಕಿಗರಿಗೂ ಮೊದಲು ಅರ್ಜಿ ಕೊಡುವಂತೆ ಇಬ್ಬರು ಜೊತೆಗೆ ಹೋದರು, ಉಳಿದ ಸಾಲಕ್ಕೆ ಆಕೆ ಐದು ವಾರ ಕಾದರು. ಅಷ್ಟು ದಿನ ಅವರ ಮನೆಯವರೆಲ್ಲ ಮಲಗಿದ್ದು ಅಕ್ಕಪಕ್ಕದ ಸದಸ್ಯೆಯರ ಮನೆಯಲ್ಲಿ. ಹಣದ ಸರದಿಗೆ ನಿಯಮ ಇತ್ತು, ಚಾಪೆ ಹಾಸಿ ಕೊಡಲು ಯಾರೂ ಸರದಿ ಕೇಳಲಿಲ್ಲ.

ಈ ಪದ್ಧತಿ ಎಲ್ಲಕ್ಕೂ ಸಾಕಾಗುತ್ತದೆ ಎಂದು ನಾವು ಹೇಳುವುದಿಲ್ಲ. ಕಳೆದ ವರ್ಷ ಒಬ್ಬಾಕೆ ಗಂಡನ ಹೊಡೆತ ತಾಳಲಾರದೆ ರಾತ್ರೋರಾತ್ರಿ ಎರಡು ಮಕ್ಕಳೊಂದಿಗೆ ಮನೆ ಬಿಟ್ಟು ಬಂದರು. ಬಾಡಿಗೆ ಮನೆಗೆ ಮುಂಗಡ ಬೇಕಿತ್ತು, 5,000 ಸಾಲದು. ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಎಂಬ ಪ್ರಶ್ನೆಗೆ ಆಕೆಯ ಹತ್ತಿರ ಉತ್ತರವೇ ಇರಲಿಲ್ಲ. ಸರದಿಯಲ್ಲಿ ಮೂವರು ಮುಂದಿದ್ದರು. ಅವರ ಹೆಸರನ್ನು ಓದಿದರು. ಇಬ್ಬರು ತಾವು ಕಾಯುತ್ತೇವೆ ಎಂದರು. ಮೂರನೆಯವರು ಒಪ್ಪಲಿಲ್ಲ, ಅವರಿಗೂ ತಕ್ಕ ಕಾರಣವಿತ್ತು: ಹಸುವಿಗೆ ಮುಂಗಡ ಕೊಟ್ಟಾಗಿತ್ತು, ಆ ವಾರ ತಪ್ಪಿದರೆ ಮುಂಗಡವೂ ಹೋಗುತ್ತಿತ್ತು. ಕೊನೆಗೆ ಹಸುವಿನವರಿಗೆ ಸಾಲ ಕೊಟ್ಟು, ಉಳಿದ ಹಣಕ್ಕೆ ಸದಸ್ಯೆಯರು ಕೈಯಿಂದ ಸೇರಿಸಿ ಮುಂಗಡ ಹೊಂದಿಸಿದರು. ಹಾಗೆ ಮಾಡಿದ್ದು ಸರಿಯೋ, ನಿಯಮ ಮುರಿದು ಆಕೆಗೇ ಮೊದಲು ಕೊಡಬೇಕಿತ್ತೋ ಎಂದು ಆ ಸಂಘದಲ್ಲಿ ಇನ್ನೂ ಎರಡು ಅಭಿಪ್ರಾಯವಿದೆ. ನಮ್ಮಲ್ಲೂ ಇದೆ.

ಸಭೆಯಲ್ಲಿ ಮಾಡಲು

ನಿಮ್ಮ ಸಂಘದ ಸಾಲದ ಪುಸ್ತಕ ತೆಗೆದು ಹಿಂದಿನ ಹನ್ನೆರಡು ತಿಂಗಳಲ್ಲಿ ಕೊಟ್ಟ ಸಾಲಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿ ಹೆಸರಿನ ಮುಂದೆ, ಅರ್ಜಿ ಕೊಟ್ಟ ಎಷ್ಟು ವಾರಕ್ಕೆ ಹಣ ಸಿಕ್ಕಿತು ಎಂದು ಬರೆಯಿರಿ. ಅದರ ಪಕ್ಕದಲ್ಲಿ, ಆಕೆಯ ಮನೆ ಪ್ರತಿನಿಧಿಗಳ ಮನೆ ಇರುವ ಬೀದಿಯಲ್ಲೇ ಇದೆಯೋ ಬೇರೆ ಕಡೆಯೋ ಎಂದು ಗುರುತು ಹಾಕಿ. ಕೇಳಿ ಸಿಗದೇ ಹೋದವರ, ಕೇಳದೇ ಸುಮ್ಮನಿದ್ದವರ ಹೆಸರನ್ನು ಕೆಳಗೆ ಬೇರೆಯಾಗಿ ಬರೆಯಿರಿ. ಹಾಳೆಯನ್ನು ಗಟ್ಟಿಯಾಗಿ ಓದಲು, ಸಭೆಯಲ್ಲಿ ಸಾಮಾನ್ಯವಾಗಿ ಮಾತಾಡದ ಸದಸ್ಯೆಯ ಕೈಗೆ ಕೊಡಿ.